ಗ್ರೈಂಡರ್ ಆಮೇಲೆ, ಮೊದಲು ಕಲ್ಲು

“ದುಡ್ಡು ಕಳೆದುಕೊಳ್ಳೋ ಭಯ, ಸರಕು ತಂದಿಡೋ ಕೆಲಸ ಬೇಡ. ಚಾಕು ಸಾಣೆ ಹಿಡಿದುಕೊಡೋಣ ಅಂತಿದ್ದೀನಿ. ಬೆಂಚ್ ಗ್ರೈಂಡರ್ ಬುಕ್ ಮಾಡಲಾ?”

ನಮ್ಮ ಗುಂಪಿನಲ್ಲಿ ಹೀಗೆ ಕೇಳಿದವರಿಗೆ ನನ್ನ ಉತ್ತರ: ಬೇಡ, ದಯವಿಟ್ಟು ಇವತ್ತೇ ಬುಕ್ ಮಾಡಬೇಡಿ. ನಾನು ಮಾಡಿದ್ದು ಇದೇ ತಪ್ಪು. ಗಿರಾಕಿ ಬರುವ ಮುಂಚೆಯೇ ಸಾಲ ಮಾಡಿ ಮೋಟಾರಿನಲ್ಲಿ ತಿರುಗುವ ಆರು ಇಂಚಿನ ಸಾಣೆಚಕ್ರದ ಗ್ರೈಂಡರ್ ತಂದೆ. ಮೂರನೇ ಚಾಕಿನ ತುದಿ ಚಕ್ರದ ಕಾವಿಗೆ ನೀಲಿಗೆ ತಿರುಗಿತು. ನೀಲಿ ಕಂಡರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಎರಡೇ ವಾರಕ್ಕೆ ಅದು ಮೊಂಡಾಗಿ ವಾಪಸ್ ಬಂತು, ಹೊಸ ಚಾಕು ಕೊಡಿಸಬೇಕಾಯಿತು. ಆ ತಿಂಗಳ ದುಡಿಮೆ ಪೂರ್ತಿ ಅಲ್ಲಿಗೇ ಹೋಯಿತು. ‘ನೀರಲ್ಲಿ ಅದ್ದಿ ಅದ್ದಿ ಹಿಡಿದರೆ ಆಯ್ತು’ ಅಂತ ಗುಂಪಿನಲ್ಲೇ ಒಬ್ಬರು ಬರೆದಿದ್ದಾರೆ. ಅಂಚು ಎಷ್ಟು ತೆಳುವೆಂದರೆ ನೀರಿಗೆ ಹೋಗುವ ಮುಂಚೆಯೇ ಕಾದುಬಿಟ್ಟಿರುತ್ತದೆ.

1000 ಗ್ರಿಟ್‌ನ ಒಂದು ನೀರುಕಲ್ಲು, ಅಂದರೆ ನೀರು ಹಾಕಿ ಕೈಯಲ್ಲೇ ಉಜ್ಜುವ ಸಾಣೆಕಲ್ಲು, ಸಾಕು. ತೀರಾ ಮೊಂಡಾದವು ಬರತೊಡಗಿದ ಮೇಲೆ ಇನ್ನೂ ಒರಟಾದ 400 ಗ್ರಿಟ್‌ನದು ತಗೊಳ್ಳಿ. ಕಿಂಗ್ ಕಂಪನಿಯ ಕಲ್ಲು ಚೆನ್ನಾಗಿ ಕಡಿಯುತ್ತದೆ, ಆದರೆ ನೆನೆಸಬೇಕು, ಬೇಗ ಸವೆಯುತ್ತದೆ. ಶಾಪ್ಟನ್ ಕಂಪನಿಯದಕ್ಕೆ ನೀರು ಚಿಮುಕಿಸಿದರೆ ಸಾಕು, ಗಿರಾಕಿ ಎದುರು ಕೂತು ಮಾಡುವವರಿಗೆ ಅದೇ ಅನುಕೂಲ.

ಅಂಚಿನ ಕೋನ 30 ಡಿಗ್ರಿ ಅಂದವರು ಅರ್ಧ ಸರಿ. ಅದು ಎರಡೂ ಬದಿ ಸೇರಿಸಿದ ಲೆಕ್ಕ, ಒಂದು ಬದಿಗೆ 15. ಅಲಗಿನ ಅಗಲದ ಕಾಲುಭಾಗದಷ್ಟು ಬೆನ್ನನ್ನು ಎತ್ತಿ ಹಿಡಿಯಿರಿ. 40 ಮಿ.ಮೀ. ಅಗಲವಿದ್ದರೆ 10 ಮಿ.ಮೀ. ಎತ್ತರ. ಅಷ್ಟೇ ಅಗಲದ ದಪ್ಪ, ಒರಟು ಕೆಲಸದ ಚಾಕಿಗೆ 14 ಮಿ.ಮೀ. ಎತ್ತರದ ತನಕ ಹೋಗಿ. ಒಂದು ಬದಿ ಉಜ್ಜಿದಾಗ ಇನ್ನೊಂದು ಬದಿಯಲ್ಲಿ ಬುಡದಿಂದ ತುದಿವರೆಗೂ ಬರ್, ಅಂದರೆ ಅಂಚಿನಲ್ಲಿ ಮಡಚಿಕೊಂಡ ಉಕ್ಕಿನ ಸಣ್ಣ ಒರಟು ಎಳೆ, ಬೆರಳಿಗೆ ಸಿಗಬೇಕು. ಸಿಗುವ ತನಕ ಬದಿ ಬದಲಿಸಬೇಡಿ. ಎಲ್ಲರೂ ಅವಸರಪಡುವುದು ಇಲ್ಲೇ. ಅಂಚಿನಿಂದ ಆಚೆಗೆ, ಬೆನ್ನಿನ ಕಡೆಯಿಂದ ಬೆರಳು ಸವರಿ ನೋಡಿ, ಅಂಚಿನುದ್ದಕ್ಕೂ ಎಳೆಯಬೇಡಿ. ಕೊನೆಗೆ ಹಗುರ ಕೈಯಲ್ಲಿ ಬದಿ ಬದಲಿಸುತ್ತಾ ಬರ್ ತೆಗೆಯಿರಿ. ತೆಳು ಕಾಗದ ಎಲ್ಲೂ ತಡೆಯದೆ ಸೀಳಿದರೆ ಕೆಲಸ ಮುಗಿಯಿತು.

ಮೊದಲು ನಿಮ್ಮ ಮನೆಯವು, ಆಮೇಲೆ ಪರಿಚಯದವರ ಹತ್ತು ಚಾಕು, ಪುಕ್ಕಟೆ. ಅವರಲ್ಲಿ ಯಾರು ತಾವಾಗಿ ಎರಡನೇ ಸಲ ತರುತ್ತಾರೋ ನೋಡಿ. ಯಾರೂ ತರದಿದ್ದರೆ ನಿಮ್ಮ ನಷ್ಟ ಒಂದು ಕಲ್ಲು ಮಾತ್ರ, ಅದೂ ಮನೆಗೆ ಉಪಯೋಗ.

ಗರಗಸದ ಹಲ್ಲಿನದು, ಸೆರಾಮಿಕ್‌ನದು ಬಂದರೆ ಬೇಡ ಅನ್ನಿ. ಸಲೂನ್ ಕತ್ತರಿ ಮುಟ್ಟಲೇಬೇಡಿ, ಒಂದು ಹಾಳಾದರೆ ತಿಂಗಳುಗಟ್ಟಲೆ ದುಡಿದದ್ದು ಹೋಗುತ್ತದೆ. ತೆಗೆದುಕೊಳ್ಳುವಾಗಲೇ ಅಲಗಿನ ಫೋಟೋ ಹೊಡೆದು, ತುದಿ ಮೊದಲೇ ಮುರಿದಿದ್ದರೆ ಅವರಿಗೆ ತೋರಿಸಿ, ಹೆಸರಿನ ಚೀಟಿ ಕಟ್ಟಿ. ಇದನ್ನು ಬಿಟ್ಟವರೆಲ್ಲ ಜಗಳಕ್ಕೆ ಸಿಕ್ಕಿದ್ದಾರೆ.

ಹೊಸ ಚಾಕನ್ನೂ ಮಾರಿ ಅಂತ ತಮ್ಮ ಅನುಭವ ಬರೆದ ಅಕ್ಕಾ, ನಿಮಗೆ ಒಗ್ಗಿರಬಹುದು. ಪ್ರಶ್ನೆ ಕೇಳಿದವರು ಸರಕೇ ಬೇಡ ಅಂದಿದ್ದಾರಲ್ಲ. ಮನೆಮನೆಗೆ ಹೋಗುವುದೋ, ವಾರಕ್ಕೊಂದು ದಿನ ಒಂದೇ ಕಡೆ ಕೂರುವುದೋ, ನನಗೆ ಇನ್ನೂ ತೀರ್ಮಾನವಾಗಿಲ್ಲ. ಎರಡನ್ನೂ ಮಾಡುತ್ತಿದ್ದೇನೆ.

ಇನ್ನೊಂದು, ಕಲ್ಲು ನಡುವೆ ತಗ್ಗು ಬೀಳುತ್ತದೆ. ಪೆನ್ಸಿಲ್‌ನಲ್ಲಿ ಅಡ್ಡಡ್ಡ ಗೀಟು ಎಳೆದು, ಗಾಜಿನ ಮೇಲಿಟ್ಟ ಮರಳುಕಾಗದದಲ್ಲಿ ಎಲ್ಲ ಗೀಟು ಅಳಿಯುವವರೆಗೆ ಉಜ್ಜಿ.