ನಷ್ಟದ ಮೇಲೆ ಡೆಫರ್ಡ್ ಟ್ಯಾಕ್ಸ್ ಅಸೆಟ್ ಹಾಕುವ ಮೊದಲು

ಪ್ರಶ್ನೆ: "ನಮ್ದು ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿ. ಈ ವರ್ಷ ನಷ್ಟ ಆಗಿದೆ. ನಷ್ಟದ ಮೇಲೆ ಡೆಫರ್ಡ್ ಟ್ಯಾಕ್ಸ್ ಅಸೆಟ್ ಹಾಕಿದ್ರೆ ಬ್ಯಾಲೆನ್ಸ್ ಶೀಟ್ ಸ್ವಲ್ಪ ಚೆನ್ನಾಗಿ ಕಾಣುತ್ತೆ ಅಂತಾರೆ. ಎಷ್ಟರವರೆಗೆ ಹಾಕಬಹುದು?"

2023ರ ಮಾರ್ಚ್ ಲೆಕ್ಕದಲ್ಲಿ ನಾನು ಮಾಡಿದ್ದು ಇದನ್ನೇ. ಈ ವರ್ಷದ ನಷ್ಟವನ್ನು ಮುಂದಿನ ಲಾಭದಲ್ಲಿ ಕಳೆದರೆ ಆಗ ತೆರಿಗೆ ಉಳಿಯುತ್ತದೆ, ಆ ಉಳಿತಾಯವನ್ನು ಇವತ್ತೇ ಅಸೆಟ್ ಅಂತ ಬರೆಯುವುದು. ಪೀಣ್ಯದ ಒಂದು ಮಷಿನಿಂಗ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಅಲ್ಲಿಯವರೆಗೂ ನಮಗೆ ಡೆಫರ್ಡ್ ಟ್ಯಾಕ್ಸ್ ಅಂದರೆ ಮಷಿನ್ ಸವಕಳಿಯ ವ್ಯತ್ಯಾಸ, ಅಷ್ಟೇ. 2022ರ ಏಪ್ರಿಲ್‌ನಲ್ಲಿ 1.20 ಕೋಟಿಯ ಒಂದು ಸಿಎನ್‌ಸಿ ಮಷಿನ್ ತಂದಿದ್ದೆವು. ನಮ್ಮ ಪುಸ್ತಕದಲ್ಲಿ 5% ಉಳಿಸಿ 15 ವರ್ಷಕ್ಕೆ ಸಮನಾಗಿ ಹಂಚಿದರೆ ವರ್ಷಕ್ಕೆ 7.60 ಲಕ್ಷ ಸವಕಳಿ. ಆದಾಯ ತೆರಿಗೆಯವರು ಕೊಡುವುದು ಇಳಿಯುವ ಬೆಲೆಯ ಮೇಲೆ 15%, ಅಂದರೆ ಮೊದಲ ವರ್ಷ 18 ಲಕ್ಷ. 10.40 ಲಕ್ಷ ಜಾಸ್ತಿ ಕಳೆದುಕೊಂಡು ಈಗ ತೆರಿಗೆ ಕಡಿಮೆ ಕಟ್ಟುತ್ತೇವೆ. ಆದರೆ ಏಳನೇ ವರ್ಷದಿಂದ ತೆರಿಗೆಯ ಸವಕಳಿ ಪುಸ್ತಕದ್ದಕ್ಕಿಂತ ಕಡಿಮೆಯಾಗುತ್ತದೆ, ಆಗ ಆ ತೆರಿಗೆ ವಾಪಸ್ ಕಟ್ಟಬೇಕು. ಅದಕ್ಕೇ ಇವತ್ತೇ 25.168% ಲೆಕ್ಕದಲ್ಲಿ 2.62 ಲಕ್ಷ ಲಯಬಿಲಿಟಿ ಬರೆಯುತ್ತೇವೆ. 22% ತೆರಿಗೆ, ಅದರ ಮೇಲೆ 10% ಸರ್ಚಾರ್ಜ್, ಅದೆಲ್ಲದರ ಮೇಲೆ 4% ಸೆಸ್ ಸೇರಿ ಆ ದರ ಬರುತ್ತದೆ. ನೀವು ಆ 22%ರ ವ್ಯವಸ್ಥೆ ಆರಿಸಿಕೊಂಡಿಲ್ಲದಿದ್ದರೆ ನಿಮ್ಮ ದರ ಬೇರೆ.

ಅದೇ ವರ್ಷ ನಮ್ಮ ದೊಡ್ಡ ಗಿರಾಕಿ ಆರ್ಡರ್ ನಿಲ್ಲಿಸಿದರು. ಪುಸ್ತಕದಲ್ಲಿ 1.62 ಕೋಟಿ ನಷ್ಟ. ಹಳೆಯ ಮಷಿನ್‌ಗಳೂ ಸೇರಿ ತೆರಿಗೆಯ ಸವಕಳಿ 24 ಲಕ್ಷ ಜಾಸ್ತಿ ಇತ್ತು. ಗ್ರಾಚ್ಯುಟಿಗೆ ಎತ್ತಿಟ್ಟ 6 ಲಕ್ಷವನ್ನು ಕೊಡುವ ತನಕ ತೆರಿಗೆಯವರು ಖರ್ಚು ಅಂತ ಒಪ್ಪುವುದಿಲ್ಲ. ಹಾಗಾಗಿ ತೆರಿಗೆ ಲೆಕ್ಕದ ನಷ್ಟ 1.80 ಕೋಟಿ. ಅದರಲ್ಲಿ 1.30 ಕೋಟಿ ವ್ಯಾಪಾರದ ನಷ್ಟ, 50 ಲಕ್ಷ ಬಳಸಿಕೊಳ್ಳಲಾಗದೆ ಉಳಿದ ಸವಕಳಿ.

ನಾನು ಏನು ಮಾಡಿದೆ ಗೊತ್ತಾ? ಪೂರ್ತಿ 1.80 ಕೋಟಿಗೆ 25.168% ಹಾಕಿ 45.30 ಲಕ್ಷ ಅಸೆಟ್ ಬರೆದೆ, ಗ್ರಾಚ್ಯುಟಿಯದ್ದನ್ನೂ ಸೇರಿಸಿದೆ. ಅದುವರೆಗೆ ಕೂಡಿದ್ದ 11 ಲಕ್ಷ ಲಯಬಿಲಿಟಿ ಕಳೆದ ಮೇಲೂ ಬ್ಯಾಲೆನ್ಸ್ ಶೀಟಿನಲ್ಲಿ ಸುಮಾರು 36 ಲಕ್ಷ ಅಸೆಟ್ ನಿಂತಿತು. ನಷ್ಟ 1.62 ಕೋಟಿಯಿಂದ 1.21 ಕೋಟಿಗೆ ಇಳಿಯಿತು. ಯಜಮಾನರಿಗೆ ಖುಷಿ, ಬ್ಯಾಂಕಿನ ಓವರ್‌ಡ್ರಾಫ್ಟ್ ಲಿಮಿಟ್ ನವೀಕರಣ ಹತ್ತಿರದಲ್ಲಿತ್ತು.

ಗುಣಾಕಾರದಲ್ಲಿ ಎಲ್ಲೂ ತಪ್ಪಿರಲಿಲ್ಲ. ತಪ್ಪಾಗಿದ್ದು ಆಧಾರದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ನಿಂತಿರುವುದು ಅದೇ ಜಾಗದಲ್ಲಿ. ಡೆಫರ್ಡ್ ಟ್ಯಾಕ್ಸ್‌ಗೆ ಇರುವ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 22ರಲ್ಲಿ ಸಾಮಾನ್ಯ ವ್ಯತ್ಯಾಸಗಳಿಗೆ ಒಂದು ಅಳತೆ: ಮುಂದೆ ಲಾಭ ಬರುತ್ತದೆ ಅನ್ನಲು ಸಾಕಷ್ಟು ಖಾತ್ರಿ ಇದ್ದರೆ ಸಾಕು. ಆದರೆ ಮುಂದಕ್ಕೆ ಒಯ್ಯುವ ನಷ್ಟವೋ ಉಳಿದ ಸವಕಳಿಯೋ ಇರುವ ಕಂಪನಿಗೆ ಅಳತೆ ಬೇರೆ. ಹೆಚ್ಚುಕಡಿಮೆ ನೂರಕ್ಕೆ ನೂರು ಖಾತ್ರಿ ಬೇಕು, ಅದಕ್ಕೆ ನಂಬುವಂಥ ಪುರಾವೆ ಬೇಕು. ಅದೂ ನಷ್ಟದ ಮೇಲಿನ ಅಸೆಟ್‌ಗೆ ಮಾತ್ರ ಅಂತ ಅಂದುಕೊಳ್ಳಬೇಡಿ, ಗ್ರಾಚ್ಯುಟಿಯಂಥ ಸಾದಾ ಅಸೆಟ್‌ಗೂ ಆಗ ಅದೇ ಅಳತೆ. ನಾನು ಇಟ್ಟುಕೊಂಡಿದ್ದ ಪುರಾವೆ ಎರಡು. ಒಂದು, ಬ್ಯಾಂಕಿಗೆ ಕೊಟ್ಟಿದ್ದ ಐದು ವರ್ಷದ ಪ್ರೊಜೆಕ್ಷನ್. ಇನ್ನೊಂದು, ಹೊಸ ಗಿರಾಕಿಯ ಒಂದು ಪುಟದ ಪತ್ರ. ಅದರಲ್ಲಿ "ಮುಂದಿನ ವರ್ಷದಿಂದ ಖರೀದಿಸುವ ಉದ್ದೇಶವಿದೆ" ಅಂತಿತ್ತು, ಎಷ್ಟು ಪೀಸ್, ಏನು ರೇಟ್, ಏನೂ ಇರಲಿಲ್ಲ. ಬ್ಯಾಂಕಿನವರು ಪ್ರೊಜೆಕ್ಷನ್ ಒಪ್ಪಿದ್ದಾರಲ್ಲ, ಇನ್ನೇನು ಬೇಕು ಅಂದುಕೊಂಡೆ. ಸ್ಟ್ಯಾಂಡರ್ಡ್‌ನ ವಿವರಣೆಯಲ್ಲೇ ಸ್ಪಷ್ಟವಾಗಿ ಬರೆದಿದೆ: ಸಾಲಕ್ಕಾಗಿ ಹೊರಗಿನವರಿಗೆ ಕೊಟ್ಟು ಅವರು ಒಪ್ಪಿದ ಪ್ರೊಜೆಕ್ಷನ್ ಕೂಡ ಒಂದೇ ಇದ್ದರೆ ಪುರಾವೆ ಆಗುವುದಿಲ್ಲ. ಪುರಾವೆ ಆಗುವಂಥದ್ದಕ್ಕೆ ಅಲ್ಲಿ ಕೊಟ್ಟಿರುವ ಉದಾಹರಣೆ, ರದ್ದು ಮಾಡಿದವರು ದೊಡ್ಡ ಮೊತ್ತದ ಪರಿಹಾರ ಕಟ್ಟಬೇಕಾದಂಥ ಲಾಭದ ರಫ್ತು ಆರ್ಡರ್. ಆ ಸಾಲನ್ನು ನಾನು ಓದಿದ್ದು ಲೆಕ್ಕ ಸಹಿಯಾದ ಮೇಲೆ. ಆಡಿಟರ್ ನಮ್ಮಿಂದ ಒಂದು ಹೇಳಿಕೆ ಬರೆಸಿಕೊಂಡು ಬಿಟ್ಟುಬಿಟ್ಟಿದ್ದರು.

ಹೊಸ ಗಿರಾಕಿಯ ಆರ್ಡರ್ ಬರಲಿಲ್ಲ. ಮುಂದಿನ ವರ್ಷ ವ್ಯಾಪಾರದಲ್ಲಿ ಕಷ್ಟಪಟ್ಟು 4 ಲಕ್ಷ ಲಾಭ ಮಾಡಿದ್ದೆವು. ಅಸೆಟ್ ಅನ್ನು ಪ್ರತಿ ಮಾರ್ಚ್‌ನಲ್ಲೂ ಮತ್ತೆ ನೋಡಬೇಕು ಅಲ್ವಾ, ಹಾಗೆ ನೋಡಿದಾಗ ನಿಲ್ಲಲಿಲ್ಲ, 36 ಲಕ್ಷ ತೆಗೆದುಹಾಕಿದೆವು. ಲಾಭದ ವರ್ಷ ಸುಮಾರು 32 ಲಕ್ಷ ನಷ್ಟದ ವರ್ಷವಾಯಿತು. ಬ್ಯಾಂಕಿನ ಅಧಿಕಾರಿ ಹಿಂದಿನ ವರ್ಷದ ಬ್ಯಾಲೆನ್ಸ್ ಶೀಟ್ ಮುಂದಿಟ್ಟುಕೊಂಡು ಆ ಒಂದು ಸಾಲಿನ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. "ನೆಟ್‌ವರ್ತ್‌ನಲ್ಲಿ ಇದನ್ನು ಆಗಲೇ ನಾವು ಕಳೆದಿದ್ದೆವು ಸಾರ್. ಆದರೆ ಹಾಕಿದ್ದನ್ನು ಒಂದೇ ವರ್ಷದಲ್ಲಿ ತೆಗೆದರೆ ಸ್ಟಾಕ್, ಬಾಕಿ ಅಂಕಿಗಳನ್ನು ಹೇಗೆ ನಂಬೋದು?" ಅಂದರು. ಲಿಮಿಟ್ ನವೀಕರಣಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟು ದಿನ ಕಚ್ಚಾ ಮಾಲಿನವರ ಫೋನ್ ಎತ್ತಿದವನು ನಾನು.

ಹಾಗಾಗಿ "ಎಷ್ಟರವರೆಗೆ" ಅಂತ ಕೇಳಬೇಡಿ, ಚೆನ್ನಾಗಿ ಕಾಣಲಿ ಅಂತಂತೂ ಹಾಕಲೇಬೇಡಿ. ನಷ್ಟದ ಕಂಪನಿಗೆ ನಾನು ಶುರು ಮಾಡುವುದೇ ಸೊನ್ನೆಯಿಂದ. ಅಲ್ಲಿಂದ ಮೇಲೆ ಹೋಗಲು ಮೊದಲ ಗಟ್ಟಿ ಮೆಟ್ಟಿಲು ನಿಮ್ಮದೇ ಲಯಬಿಲಿಟಿ. ಮಷಿನ್‌ನ ಆ 11 ಲಕ್ಷ ಮುಂದೆ ತಿರುಗುವಾಗ ಪುಸ್ತಕದ ಲಾಭಕ್ಕಿಂತ ತೆರಿಗೆಯ ಆದಾಯ ಜಾಸ್ತಿಯಾಗುತ್ತದೆ, ಅದರ ಎದುರಿಗೆ ಅಸೆಟ್ ನಿಲ್ಲಿಸಬಹುದು. ಆದರೆ ಯಾವ ಅಸೆಟ್ ಅನ್ನುವುದೂ ಮುಖ್ಯ. ವ್ಯಾಪಾರದ ನಷ್ಟ 8 ವರ್ಷಕ್ಕೆ ಸತ್ತುಹೋಗುತ್ತದೆ, ಹೊಸ ಮಷಿನ್‌ನ ಲಯಬಿಲಿಟಿ ತಿರುಗಲು ಶುರುವಾಗುವುದೇ ಏಳನೇ ವರ್ಷ. ಉಳಿದ ಸವಕಳಿಗೆ ವರ್ಷದ ಮಿತಿ ಇಲ್ಲ. ನಮ್ಮಲ್ಲಿ ಅದು 50 ಲಕ್ಷ, ಅದರ ತೆರಿಗೆ 12.58 ಲಕ್ಷ, 11 ಲಕ್ಷಕ್ಕೆ ಸರಿಹೋಗುತ್ತಿತ್ತು. ಅಷ್ಟೇ ಹಾಕಿದ್ದರೆ ನಷ್ಟ 1.57 ಕೋಟಿ ಅಂತ ಕಾಣುತ್ತಿತ್ತು, ಮುಂದಿನ ವರ್ಷ ಏನನ್ನೂ ತೆಗೆಯಬೇಕಾಗಿರಲಿಲ್ಲ.

ಇನ್ನೊಂದು ವಿಷಯ, ರಿಟರ್ನ್ ಅನ್ನು ಕೊನೆ ದಿನಾಂಕದೊಳಗೆ ಹಾಕಿ. ತಡವಾದರೆ ವ್ಯಾಪಾರದ ನಷ್ಟವನ್ನು ಮುಂದಕ್ಕೆ ಒಯ್ಯುವ ಹಕ್ಕೇ ಹೋಗುತ್ತದೆ, ಆಮೇಲೆ ಅಸೆಟ್ ಮಾತೇ ಬರುವುದಿಲ್ಲ. ನೀವು ಎಎಸ್ ಬದಲು ಇಂಡ್ ಎಎಸ್ ಅನ್ನುವ ಬೇರೆ ಸ್ಟ್ಯಾಂಡರ್ಡ್‌ಗಳನ್ನು ಪಾಲಿಸುವ ಗುಂಪಿನ ಕಂಪನಿಯಾಗಿದ್ದರೆ ಅಳತೆ ಸ್ವಲ್ಪ ಸಡಿಲ, ಆದರೆ ಇತ್ತೀಚೆಗೆ ನಷ್ಟ ಕಂಡವರಿಂದ ಅಲ್ಲೂ ನಂಬುವಂಥ ಪುರಾವೆ ಕೇಳುತ್ತಾರೆ.

ಹೋದ ವರ್ಷ ನಮಗೊಂದು ಮೂರು ವರ್ಷದ ಒಪ್ಪಂದ ಸಿಕ್ಕಿತು. ತಿಂಗಳಿಗೆ ಕನಿಷ್ಠ ಇಷ್ಟು ಪೀಸ್ ತೆಗೆದುಕೊಳ್ಳಲೇಬೇಕು, ಇಲ್ಲದಿದ್ದರೆ ಉಳಿದ ಪೀಸ್‌ಗಳ ಹಣ ಕಟ್ಟಬೇಕು ಅಂತ ಅದರಲ್ಲಿದೆ. ಆ ಕನಿಷ್ಠ ಪೀಸ್‌ಗಳಿಂದ ಬರುವ 56 ಲಕ್ಷ ಲಾಭಕ್ಕೆ ಮಾತ್ರ ಲೆಕ್ಕ ಹಾಕಿ 14 ಲಕ್ಷ ಅಸೆಟ್ ಬರೆದೆ. ಒಪ್ಪಂದದ ಪ್ರತಿಯನ್ನು ಲೆಕ್ಕದ ಹಾಳೆಗೇ ಪಿನ್ ಮಾಡಿ ಇಟ್ಟಿದ್ದೇನೆ. ಅಂಥ ಕಾಗದ ನಿಮ್ಮ ಹತ್ತಿರ ಯಾವುದಿದೆ ಅಂತ ಬರೆಯಿರಿ, ಲಯಬಿಲಿಟಿ ಎಷ್ಟಿದೆ, ಉಳಿದ ಸವಕಳಿ ಎಷ್ಟಿದೆ ಅನ್ನುವುದನ್ನೂ ಹೇಳಿ. ಆಮೇಲೆ ಮೊತ್ತದ ಬಗ್ಗೆ ಮಾತಾಡೋಣ.