ಹಳೇ ಬಾಸ್ಮತಿಗೆ ಅರ್ಧ ಗಂಟೆ ನೆನೆ, ಆಮೇಲೆ ನೀರಿನ ಲೆಕ್ಕ

ಪ್ರಶ್ನೆ: ಹಳೇ ಬಾಸ್ಮತಿ ಅಕ್ಕಿ ನೆನೆಸಿ ಮಾಡಿದ್ರೆ ಉದ್ದಕ್ಕೆ ಉದುರುದುರಾಗಿ ಬರುತ್ತೆ ಅಂತಾರಲ್ಲ, ಯಾಕೆ? ನೀರು ಎಷ್ಟು ಇಡಬೇಕು? ನಾವಿರೋದು ಮಡಿಕೇರಿ ಹತ್ರ.

ನಾನೂ ಮಡಿಕೇರಿಯವಳೇ. ಮನೆಯಲ್ಲಿ ಹೋಮ್‌ಸ್ಟೇ ಇದೆ, ವಾರಕ್ಕೆ ಎರಡು ಸಲವಾದರೂ ಬಾಸ್ಮತಿಯಲ್ಲಿ ತುಪ್ಪದನ್ನ ಮಾಡುತ್ತೇನೆ.

ಒಣ ಅಕ್ಕಿಯನ್ನು ನೇರ ಕುದಿಯುವ ನೀರಿಗೆ ಹಾಕಿದರೆ ಶಾಖ ಬೇಗ ಒಳಗೆ ಹೋಗುತ್ತದೆ, ನೀರು ಅಷ್ಟು ಬೇಗ ಹೋಗುವುದಿಲ್ಲ. ಹೊರಗಿನ ಪದರ ಬೆಂದು ಉಬ್ಬಿ ಅಂಟಾಗುತ್ತದೆ, ನಡುವೆ ಮಾತ್ರ ಗಟ್ಟಿ. ಆ ನಡುಭಾಗ ಬೇಯಲಿ ಅಂತ ಕಾಯುವಷ್ಟರಲ್ಲಿ ಹೊರಭಾಗ ಒಡೆದು ಗಂಜಿ ಬಿಡುತ್ತದೆ. ನೆನೆಸಿದರೆ ಒಲೆಗೆ ಇಡುವ ಮುಂಚೆಯೇ ನೀರು ನಡುವಿಗೆ ತಲುಪಿರುತ್ತದೆ. ಕಾಳು ಒಳಗೂ ಹೊರಗೂ ಒಟ್ಟಿಗೇ ಬೇಯುತ್ತದೆ. ಬಾಸ್ಮತಿ ಉಬ್ಬುವುದು ಅಗಲಕ್ಕಿಂತ ಉದ್ದಕ್ಕೇ ಜಾಸ್ತಿ. ಚೆನ್ನಾಗಿ ಬೆಂದ ಒಂದು ಕಾಳನ್ನು ಬೆರಳ ಮೇಲೆ ಇಟ್ಟು ನೋಡಿ, ಬಳೆ ತೊಡಿಸಿದ ಹಾಗೆ ಅಡ್ಡಡ್ಡ ಸಣ್ಣ ಗೆರೆಗಳು ಕಾಣುತ್ತವೆ. ಒಣಗಿದ್ದಾಗ ಇದ್ದದ್ದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಉದ್ದ ಇರುತ್ತದೆ.

ಇನ್ನು ಹಳೇ ಅಕ್ಕಿಯೇ ಯಾಕೆ? ಒಂದೆರಡು ವರ್ಷ ಇಟ್ಟ ಅಕ್ಕಿಯಲ್ಲಿ ತೇವ ಕಡಿಮೆಯಾಗಿರುತ್ತದೆ, ಒಳಗಿನ ಪ್ರೋಟೀನ್ ಬಿಗಿದುಕೊಂಡು ಪಿಷ್ಟವನ್ನು ಹಿಡಿದಿಟ್ಟಿರುತ್ತದೆ. ಹಾಗಾಗಿ ಅದು ನೀರು ಜಾಸ್ತಿ ಕುಡಿಯುತ್ತದೆ, ಗಂಜಿ ಕಡಿಮೆ ಬಿಡುತ್ತದೆ. ಕಾಳುಗಳು ಒಂದಕ್ಕೊಂದು ಅಂಟುವುದು ಆ ಗಂಜಿಯಿಂದಲೇ ಅಲ್ವಾ?

ನೆನೆಸುವ ಮೊದಲು ಕೈ ಹಗುರ ಮಾಡಿಕೊಂಡು ಮೂರು ನಾಲ್ಕು ನೀರಲ್ಲಿ ತೊಳೆಯಿರಿ. ಉಜ್ಜಿದರೆ ತುದಿ ಮುರಿಯುತ್ತದೆ. ತಣ್ಣೀರಲ್ಲಿ ಅರ್ಧ ಗಂಟೆ ಸಾಕು. ಡಿಸೆಂಬರ್ ಚಳಿಗೆ ನಮ್ಮ ನಲ್ಲಿ ನೀರು ಕೊರೆಯುತ್ತದಲ್ಲ, ಆಗ ನಾನು ಮುಕ್ಕಾಲು ಗಂಟೆ ಬಿಡುತ್ತೇನೆ. ಗಾಜಿನಂತಿದ್ದ ಕಾಳು ಪೂರ್ತಿ ಸುಣ್ಣದ ಬಿಳಿಗೆ ತಿರುಗಿರಬೇಕು. ಉಗುರಲ್ಲಿ ಒತ್ತಿದರೆ ನಡುವೆ ಕಲ್ಲು ಸಿಗದೆ ಪುಡಿಯಾಗಬೇಕು. ಸುಮ್ನೆ ಗಂಟೆಗಟ್ಟಲೆ ಬಿಟ್ಟರೆ ತಿರುವುವಾಗಲೇ ಮುರಿಯುತ್ತದೆ. ಆಮೇಲೆ ಜರಡಿಯಲ್ಲಿ ಹತ್ತು ನಿಮಿಷ ನೀರು ಬಸಿಯಲು ಬಿಡಿ. ಇದನ್ನು ಬಿಟ್ಟರೆ ಮುಂದಿನ ಲೆಕ್ಕ ತಪ್ಪುತ್ತದೆ.

ನೀರಿನ ವಿಷಯದಲ್ಲಿ ನಾನು ಸರಿಯಾಗಿ ಎಡವಿದ್ದು ಒಂದು ಪುತ್ತರಿಗೆ. ಒಂದು ಲೋಟಕ್ಕೆ ಒಂದೂವರೆ ಲೋಟ ನೀರು ಹಾಕಿ ದಿನಾ ಚೆನ್ನಾಗೇ ಬರುತ್ತಿತ್ತು. ಅವತ್ತು ಐದು ಲೋಟ ಅಕ್ಕಿ, ಅದೇ ಲೆಕ್ಕದಲ್ಲಿ ಏಳೂವರೆ ಲೋಟ ನೀರು ಇಟ್ಟೆ. ಅನ್ನ ಮುದ್ದೆಯಾಯಿತು, ಕಾಳಿನ ತುದಿಗಳೆಲ್ಲ ಸೀಳಿಹೋಗಿದ್ದವು. ನೆಂಟರು ಪಂದಿ ಕರಿ ಜೊತೆ ಅದನ್ನೇ ಉಂಡರು. ನನಗೆ ಮಾತ್ರ ತುಂಬಾ ಬೇಜಾರಾಯಿತು.

ಆಮೇಲೆ ತೂಗಿ ನೋಡಿದೆ. ನನ್ನ ಲೋಟ ಕಾಲು ಲೀಟರಿನದು, ಒಣ ಅಕ್ಕಿ 200 ಗ್ರಾಂ ಹಿಡಿಯುತ್ತದೆ. ಐದು ಲೋಟ ಅಂದರೆ ಒಂದು ಕಿಲೋ. ನೆನೆಸಿ ಬಸಿದ ಮೇಲೆ ಅದು ಸುಮಾರು 1,300 ಗ್ರಾಂ ಆಗಿತ್ತು. ಅಂದರೆ 300 ಮಿಲಿ ನೀರು ಆಗಲೇ ಅಕ್ಕಿಯೊಳಗೆ ಹೋಗಿತ್ತು. ಪೂರ್ತಿ ಬೇಯಲು ಇನ್ನು ಸುಮಾರು 1,200 ಮಿಲಿ ಬೇಕು. ಉಳಿದದ್ದು ಆವಿಯ ಪಾಲು. ಆವಿ ಹೋಗುವುದು ಪಾತ್ರೆಯ ಬಾಯಗಲ, ಮುಚ್ಚಳ, ಉರಿ ನೋಡಿಕೊಂಡು, ಅಕ್ಕಿ ಐದು ಪಟ್ಟಾದರೆ ಆವಿ ಐದು ಪಟ್ಟಾಗುವುದಿಲ್ಲ. ನನ್ನ ದಪ್ಪ ತಳದ ಪಾತ್ರೆಗೆ 300 ಮಿಲಿ ಸಾಕು. ಒಟ್ಟು ಒಂದೂವರೆ ಲೀಟರ್, ಅಂದರೆ ಆರು ಲೋಟ. ಈಗ ಒಂದು ಲೋಟಕ್ಕೆ ಒಂದೂವರೆ, ಐದು ಲೋಟಕ್ಕೆ ಆರು ಇಡುತ್ತೇನೆ. ನೆನೆಸದೆ ಮಾಡುವುದಾದರೆ ಒಂದಕ್ಕೆ ಎರಡರ ಹತ್ತಿರ ಬೇಕು.

ನೀರು ಕುದಿ ಬಂದ ಮೇಲೆ ಉಪ್ಪು, ತುಪ್ಪ, ಅಕ್ಕಿ ಹಾಕಿ ಒಂದೇ ಸಲ ಮೆಲ್ಲಗೆ ತಿರುವಿ. ನೀರು ಅಕ್ಕಿಯ ಮಟ್ಟಕ್ಕೆ ಇಳಿದು ಮೇಲೆ ಸಣ್ಣ ತೂತು ಕಂಡಾಗ ಉರಿ ಪೂರ್ತಿ ತಗ್ಗಿಸಿ ಮುಚ್ಚಿ. ಹನ್ನೆರಡು ನಿಮಿಷ ಆದಮೇಲೆ ಒಲೆ ಆರಿಸಿ, ಇನ್ನೂ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಬಿಸಿಯಲ್ಲಿ ಕಾಳು ಮೆತ್ತಗಿರುತ್ತದೆ, ಆಗ ಸೌಟು ಹಾಕಿದರೆ ಮುರಿಯುತ್ತದೆ.

ಮಡಿಕೇರಿ 1,100 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಮೈಸೂರಿನ ನೆಂಟರು ಹೇಳುವ ಸಮಯಕ್ಕೆ ಎರಡು ಮೂರು ನಿಮಿಷ ಸೇರಿಸಿಕೊಳ್ಳಿ, ನೀರು ಸೇರಿಸಬೇಡಿ. ಜುಲೈ ಮಳೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಅಕ್ಕಿ ಗಾಳಿಯ ತೇವ ಎಳೆದುಕೊಂಡಿರುತ್ತದೆ. ಅದಕ್ಕೆ ಐದು ಲೋಟಕ್ಕೆ ಅರ್ಧ ಲೋಟ ನೀರು ಕಡಿಮೆ ಮಾಡುತ್ತೇನೆ. ಹೊಸ ಚೀಲ ಬಿಚ್ಚಿದಾಗ ಮೊದಲು ಒಂದು ಲೋಟ ಮಾಡಿ ನೋಡಿ. ನಡುವೆ ದಾರದಂತೆ ಗಟ್ಟಿ ಸಿಕ್ಕಿದರೆ ಮುಂದಿನ ಸಲ ಎರಡು ಚಮಚ ನೀರು ಜಾಸ್ತಿ, ತುದಿ ಸೀಳಿದ್ದರೆ ಎರಡು ಚಮಚ ಕಡಿಮೆ.