ವೇವರ್ ಪತ್ರ ಬಂದಿದೆ, ಆದರೂ ಸಾಲ ಕರೆಂಟ್ ಯಾಕೆ?

ಪ್ರಶ್ನೆ: ನಮ್ಮ ಕ್ಲೈಂಟ್‌ನ 42 ಕೋಟಿ ಟರ್ಮ್ ಲೋನ್ ತೀರಲು ಇನ್ನೂ 4 ವರ್ಷ ಇದೆ. ಡಿಸೆಂಬರ್ 31ಕ್ಕೆ ಸಾಲವು ಎಬಿಟ್ಡಾದ 3.5 ಪಟ್ಟು ಮೀರಬಾರದು. ಕಂಪನಿ ಲೆಕ್ಕದಲ್ಲಿ 3.36 ಇತ್ತು, ನಾವು ನೋಡಿದಾಗ ಮೀರಿದೆ. ಫೆಬ್ರವರಿ 10ಕ್ಕೆ ಬ್ಯಾಂಕಿನ ವೇವರ್ ಪತ್ರ ಬಂದಿದೆ. ನಾನ್-ಕರೆಂಟ್ ಅಂತಲೇ ಬಿಡಬಹುದಾ?

ಉತ್ತರ: ಐಎಎಸ್ 1 ಪ್ರಕಾರ ಬಿಡೋಕಾಗಲ್ಲ. ಕೋವೆನೆಂಟ್ ಮುರಿದದ್ದರಿಂದ ಸಾಲವನ್ನು ತಕ್ಷಣ ಕೇಳುವ ಹಕ್ಕು ಬ್ಯಾಂಕಿಗೆ ಬಂದಿದ್ದರೆ, ಡಿಸೆಂಬರ್ 31ರ ರಾತ್ರಿ ಆ ಹಕ್ಕು ಇತ್ತಾ ಇಲ್ಲವಾ ಅನ್ನೋದಷ್ಟೇ ಮುಖ್ಯ. ಬ್ಯಾಂಕ್ ನಿಜಕ್ಕೂ ಕೇಳುತ್ತಾ ಅನ್ನೋದು ಬೇರೆ ಮಾತು. ಫೆಬ್ರವರಿಯ ಪತ್ರವನ್ನು ಟಿಪ್ಪಣಿಯಲ್ಲಿ ಹೇಳಬೇಕು, ಆದರೆ ಅದರಿಂದ ವರ್ಗೀಕರಣ ಬದಲಾಗಲ್ಲ. ಹಾಗಾಗಿ ಸಾಲ ಪೂರ್ತಿ ಕರೆಂಟ್. ಕ್ಲೈಂಟ್ ಬೇರೆ ಮಾನದಂಡ ಪಾಲಿಸುತ್ತಿದ್ದರೆ ಅದರ ಮೂಲ ಪಠ್ಯವನ್ನೇ ಓದಿ, ಈ ವಿಷಯದಲ್ಲಿ ನಿಯಮ ಬೇರೆ ಇರಬಹುದು.

ಪತ್ರ ಡಿಸೆಂಬರ್ 28ಕ್ಕೇ ಬಂದಿದ್ದರೂ ಸುಮ್ನೆ ಒಪ್ಪಬೇಡಿ. ಕೊಟ್ಟ ಗಡುವು ವರ್ಷಾಂತ್ಯದಿಂದ ಕನಿಷ್ಠ 12 ತಿಂಗಳು ಇರಬೇಕು. ಜೂನ್ 30ರವರೆಗೆ ಮಾತ್ರ ಕೇಳಲ್ಲ ಅಂದಿದ್ದರೆ ಆಗಲೂ ಕರೆಂಟ್.

ಈಗ ಲೆಕ್ಕಕ್ಕೆ ಬನ್ನಿ. 42ನ್ನು 3.5ರಿಂದ ಭಾಗಿಸಿದರೆ 12, ಅಂದರೆ ಎಬಿಟ್ಡಾ 12 ಕೋಟಿಗಿಂತ ಕೆಳಗಿಳಿದರೆ ಮಿತಿ ಮುರೀತು. ಕಂಪನಿ ತೋರಿಸಿದ್ದು 12.5 ಕೋಟಿ, ಉಳಿದ ಜಾಗ ಬರೀ 50 ಲಕ್ಷ. ಇಷ್ಟು ಕಡಿಮೆ ಜಾಗ ಇದ್ದಾಗ ಎಬಿಟ್ಡಾಕ್ಕೆ ಏನೇನು ಸೇರಿಸಿದ್ದಾರೆ ಅಂತ ಒಂದೊಂದೇ ಸಾಲು ನೋಡಬೇಕು. ಉದಾಹರಣೆಗೆ, ಪುನರ್‌ರಚನೆಯ ಖರ್ಚು 2 ಕೋಟಿಯನ್ನು ವಾಪಸ್ ಕೂಡಿಸಿದ್ದಾರೆ ಅಂದುಕೊಳ್ಳಿ, ಆದರೆ ಒಪ್ಪಂದದ ವ್ಯಾಖ್ಯೆ ಅಂಥ ಖರ್ಚಿಗೆ 50 ಲಕ್ಷ ಮಾತ್ರ ಬಿಡುತ್ತದೆ. ಆಗ ಎಬಿಟ್ಡಾ 11 ಕೋಟಿ, ಅನುಪಾತ 3.82. ಕಂಪನಿಯವರ ಸಾರಾಂಶ ಹಾಳೆಯಲ್ಲಿ ಇದು ಕಾಣಲ್ಲ. ಮೂಲ ಒಪ್ಪಂದ, ನಂತರದ ತಿದ್ದುಪಡಿ ಪತ್ರಗಳು ಎಲ್ಲವನ್ನೂ ತರಿಸಿ ಓದಬೇಕು. ಆಡಿಟ್ ಹೊಂದಾಣಿಕೆ ಎಂಟ್ರಿಗಳು ಬಿದ್ದ ಮೇಲೆ ಇನ್ನೊಮ್ಮೆ ಲೆಕ್ಕ ಹಾಕಿ. ನನಗೆ ಜಾಸ್ತಿ ಭಯ ಇರೋದು ಇಲ್ಲೇ: ಅಕ್ಟೋಬರ್‌ನಲ್ಲಿ ಪರೀಕ್ಷಿಸಿ ಟಿಕ್ ಹಾಕಿದ ಹಾಳೆಯನ್ನು ಫೈನಲ್ ಲಾಭ ಬದಲಾದ ಮೇಲೂ ಯಾರೂ ತೆರೆಯಲ್ಲ.

ಕಂಪನಿ ಸರ್ಟಿಫಿಕೇಟ್ ಕೊಡೋದು ಮಾರ್ಚ್‌ನಲ್ಲಿ ಅಂತ ವಾದ ಬರಬಹುದು. ಪರೀಕ್ಷೆ ಯಾವಾಗ ನಡೆದರೂ, ಪಾಲಿಸಬೇಕಾದ ದಿನ ಡಿಸೆಂಬರ್ 31 ಅಲ್ವಾ? ಅದೇ ಲೆಕ್ಕಕ್ಕೆ ಬರೋದು. ಮುಂದಿನ ಜೂನ್‌ನಲ್ಲಿ ಪಾಲಿಸಬೇಕಾದ ಷರತ್ತು ಇದ್ದರೆ ಅದು ಈಗಿನ ವರ್ಗೀಕರಣವನ್ನು ಮುಟ್ಟಲ್ಲ, ಆದರೆ ಮುಂದಿನ 12 ತಿಂಗಳಲ್ಲಿ ಮುರಿಯುವ ಅಪಾಯವನ್ನು ಟಿಪ್ಪಣಿಯಲ್ಲಿ ತಿಳಿಸಬೇಕು. 2024ರ ಜನವರಿ 1ರಿಂದ ಶುರುವಾದ ವರ್ಷಗಳಿಗೆ ಈ ನಿಯಮ ಜಾರಿಯಲ್ಲಿದೆ.

ಕೊನೆಯದಾಗಿ, ಬೇರೆ ಸಾಲಗಳ ಒಪ್ಪಂದದಲ್ಲಿ ಕ್ರಾಸ್ ಡಿಫಾಲ್ಟ್ ಷರತ್ತು ಇದೆಯಾ ನೋಡಿ. ಇದ್ದರೆ ಅವೂ ಕರೆಂಟ್ ಆಗಬಹುದು. ಆಗ 42 ಕೋಟಿಯ ಜೊತೆ ಅವನ್ನೂ ಸೇರಿಸಿ, ಕಂಪನಿ ಮುಂದಿನ ವರ್ಷ ನಡೆಯುತ್ತಾ ಅನ್ನೋ ಗೋಯಿಂಗ್ ಕನ್ಸರ್ನ್ ಕೆಲಸವನ್ನು ಮತ್ತೆ ತೆರೆಯಬೇಕು. ಫೆಬ್ರವರಿಯ ಆ ಪತ್ರ ನಿಜಕ್ಕೂ ಕೆಲಸಕ್ಕೆ ಬರೋದು ಅಲ್ಲಿ. ಅದನ್ನು ಬ್ಯಾಂಕಿನಿಂದಲೇ ನೇರವಾಗಿ ದೃಢಪಡಿಸಿಕೊಳ್ಳಿ.